ಶಾಲೆ ಕಾಣದವರ ಮರೆವನ್ನು ಅಳೆಯುವಾಗ

‘ಎಂಎಂಎಸ್‌ಇ 17/30, ಡಿಮೆನ್ಷಿಯಾ’ ಎಂದಷ್ಟೇ ಬರೆದ ಚೀಟಿ ಹಿಡಿದು ನಮ್ಮಲ್ಲಿಗೆ ಬರುವ ವಯೋವೃದ್ಧರು ಬಹಳ. ಎಂಎಂಎಸ್‌ಇ ಎಂದರೆ ನೆನಪು, ಲೆಕ್ಕ, ಭಾಷೆ ಮುಂತಾದವನ್ನು ಪ್ರಶ್ನೆ ಕೇಳಿ ಅಳೆಯುವ ಮೂವತ್ತು ಅಂಕಗಳ ಪರೀಕ್ಷೆ, ಡಿಮೆನ್ಷಿಯಾ ಎಂದರೆ ಮರೆವಿನ ಕಾಯಿಲೆ. ಬಂದವರು ಎಷ್ಟು ಓದಿದ್ದಾರೆ ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ. ಕಳುಹಿಸಿದವರನ್ನು ವಿಚಾರಿಸಿದರೆ, ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲಿಯೇ ಕೇಳಿದ್ದೇವೆ ಎಂಬ ಉತ್ತರ ದೊರೆಯುತ್ತದೆ. ಭಾಷೆ ಬದಲಾದ ಮಾತ್ರಕ್ಕೆ ಪರೀಕ್ಷೆ ಬದಲಾಗುವುದಿಲ್ಲ ಎಂಬುದನ್ನು ಎಷ್ಟು ಬಾರಿ ಹೇಳಿದರೂ ಸಾಲದು ಎನಿಸಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಉದಾಹರಣೆ ಕೊಡುತ್ತೇನೆ. ಎಪ್ಪತ್ತು ದಾಟಿದ, ಎಂದೂ ಶಾಲೆಗೆ ಹೋಗದ ಒಬ್ಬ ಅಜ್ಜಿಗೆ ಬಂದ ಅಂಕ 17. ಹೋದ 13 ಅಂಕಗಳು ಎಲ್ಲಿ ಹೋದವೆಂದು ನೋಡೋಣ. ನೂರರಿಂದ ಏಳೇಳು ಕಳೆಯುತ್ತ ಹೋಗುವ ಲೆಕ್ಕದಲ್ಲಿ 5. ಬರೆದದ್ದನ್ನು ಓದಿ ಅದರಂತೆ ಮಾಡುವುದು, ಒಂದು ವಾಕ್ಯ ಬರೆಯುವುದು, ಒಂದರ ಮೇಲೊಂದು ಬಂದ ಎರಡು ಪಂಚಭುಜಗಳನ್ನು ನಕಲು ಮಾಡುವುದು, ಇವುಗಳಲ್ಲಿ ಒಂದೊಂದರಂತೆ 3. ಇಸವಿ, ತಿಂಗಳು, ತಾರೀಖುಗಳಲ್ಲಿ 3. ಎಷ್ಟನೇ ಮಹಡಿಯಲ್ಲಿದ್ದೇವೆ ಎಂಬುದಕ್ಕೆ 1. ನೆನಪಿನಲ್ಲಿಟ್ಟುಕೊಳ್ಳಬೇಕಾದ ಮೂರು ಪದಗಳಲ್ಲಿ ಒಂದು ಮರೆತದ್ದಕ್ಕೆ 1. ಅಂದರೆ 8 ಅಂಕಗಳು ನೇರವಾಗಿ ಶಾಲೆಯಲ್ಲಿ ಕಲಿಯುವ ವಿದ್ಯೆಗೆ ಸೇರಿದವು. ತಿಂಗಳು ಯಾವುದೆಂದು ಕೇಳಿದಾಗ ಅವರು ‘ಆಷಾಢ ಹುಟ್ಟಿ ನಾಕು ದಿನ ಆಯ್ತಲ್ಲವ್ವ’ ಎಂದಿದ್ದರು. ಪಂಚಾಂಗದ ಪ್ರಕಾರ ಅದು ಸರಿಯೇ ಆಗಿತ್ತು, ಹಾಳೆಯಲ್ಲಿ ಮಾತ್ರ ಸೊನ್ನೆ ಬಿದ್ದಿತ್ತು. ಮರೆವಿನ ಕಾಯಿಲೆಯ ಬಗ್ಗೆ ನಿಜವಾಗಿ ಏನನ್ನಾದರೂ ಹೇಳಬಲ್ಲ ಅಂಕವೆಂದರೆ ಮರೆತ ಆ ಒಂದು ಪದ.

ಈ ಪರೀಕ್ಷೆಯನ್ನು 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೈನ್ ದಂಪತಿ ಮತ್ತು ಮೆಕ್‌ಹ್ಯೂ ಪ್ರಕಟಿಸಿದರು. ಅಲ್ಲಿಯೇ 1993ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ, ಒಂಬತ್ತು ವರ್ಷ ಅಥವಾ ಹೆಚ್ಚು ಓದಿದವರ ಮಧ್ಯಾಂಕ 29 ಇದ್ದರೆ, ನಾಲ್ಕು ವರ್ಷದೊಳಗೆ ಓದು ನಿಂತವರದು 22 ಇತ್ತು. ಹೀಗಿರುವಾಗ 24ಕ್ಕಿಂತ ಕಡಿಮೆ ಬಂದವರೆಲ್ಲ ರೋಗಿಗಳು ಎಂಬ ಗೆರೆ ನಮ್ಮ ಹಳ್ಳಿಗಳಲ್ಲಿ ಏನು ಮಾಡೀತೆಂಬುದನ್ನು ಊಹಿಸಬಹುದು.

ಅಂಕ ಸೇರಿಸಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಮೋಕಾ ಎಂಬ ಇನ್ನೊಂದು ಪರೀಕ್ಷೆಯ ಮೂಲ ರೂಪದಲ್ಲಿ ಹನ್ನೆರಡು ವರ್ಷ ಅಥವಾ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುವ ನಿಯಮವಿದೆ. ಪಿಯುಸಿ ಮುಗಿಸಿದವರಿಗೂ ಸ್ಲೇಟು ಮುಟ್ಟದವರಿಗೂ ಅದೇ ಒಂದು ಅಂಕ! ಕೈಗೆ ಪೆನ್ಸಿಲ್ ಬಂದೇ ಇರದವರು ಘನಾಕೃತಿ ಬಿಡಿಸದಿದ್ದಾಗ ಅವರ ಆಕಾರಪ್ರಜ್ಞೆ ಹೇಗಿದೆಯೆಂಬುದು ನಮಗೆ ತಿಳಿದೇ ಇಲ್ಲ. ತಿಳಿಯದ ಸಂಗತಿಯನ್ನು ಅಂಕ ಕೊಟ್ಟು ತುಂಬಲಾಗದು. ಪ್ರಶ್ನೆಯನ್ನೇ ಬದಲಿಸಬೇಕು.

ಹಾಗೆ ಬದಲಿಸಿದ ಒಳ್ಳೆಯ ಮಾದರಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ರೂಪುಗೊಂಡು 1995ರಲ್ಲಿ ಪ್ರಕಟವಾದ ಹಿಂದಿ ಪರೀಕ್ಷೆ. ಅಲ್ಲಿ ‘ಕಣ್ಣು ಮುಚ್ಚಿ’ ಎಂಬ ಬರಹವನ್ನು ಓದಿಸುವುದರ ಬದಲು, ನಾನು ಮಾಡಿದಂತೆ ಮಾಡಿ ಎಂದು ಹೇಳಿ ಪರೀಕ್ಷಕರೇ ಕಣ್ಣು ಮುಚ್ಚಿ ತೋರಿಸುತ್ತಾರೆ. ವಾಕ್ಯ ಬರೆಸುವುದರ ಬದಲು ಮನೆಯ ಬಗ್ಗೆ ಏನಾದರೂ ಹೇಳಿಸುತ್ತಾರೆ. ನೈಜೀರಿಯಾದ ಇಬಾದಾನ್‌ನಲ್ಲಿ ಚಿತ್ರ ಬಿಡಿಸುವುದಕ್ಕೆ ಬದಲಾಗಿ ಕಡ್ಡಿಗಳನ್ನು ಜೋಡಿಸಿ ತೋರಿಸಿದ ಆಕಾರವನ್ನು ಮತ್ತೆ ಕಟ್ಟಿಸಿದರು. ನಮ್ಮ ಅಜ್ಜಿಯೂ ಬೆಂಕಿಕಡ್ಡಿಗಳ ಆಕಾರಗಳನ್ನು ತಡವರಿಸದೆ ಕಟ್ಟಿದರು, ವಾರಗಳನ್ನು ಹಿಂದಿನಿಂದ ಹೇಳಿದರು, ನೂರು ರೂಪಾಯಿಗೆ ತರಕಾರಿ ಕೊಂಡ ಚಿಲ್ಲರೆಯ ಲೆಕ್ಕವನ್ನು ನನಗಿಂತ ಬೇಗ ಒಪ್ಪಿಸಿದರು. ‘ಪ’ಕಾರದಿಂದ ಆರಂಭವಾಗುವ ಪದಗಳನ್ನು ಹೇಳಿ ಎಂದರೆ ಅವರು ಸುಮ್ಮನಾಗುತ್ತಾರೆ, ಏಕೆಂದರೆ ಮಾತನ್ನು ಅಕ್ಷರಗಳಾಗಿ ಒಡೆದು ನೋಡುವುದು ಓದು ಬಂದ ಮೇಲೆ ಗಟ್ಟಿಯಾಗುವ ಅಭ್ಯಾಸ, ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಿ ಎಂದರೆ ದನಕರುಗಳಿಂದ ಮೊದಲುಗೊಂಡು ಧಾರಾಳವಾಗಿ ಹೇಳುತ್ತಾರೆ.

ಆದರೂ ಎಚ್ಚರಿಕೆಯೊಂದು ಬೇಕು. ಓದಿನ ಪರಿಣಾಮವೆಲ್ಲ ಪ್ರಶ್ನೆಪತ್ರಿಕೆಯ ದೋಷವಲ್ಲ. ಓದಿದವರ ಮಿದುಳು ಹಾನಿಯನ್ನು ಹೆಚ್ಚು ಕಾಲ ತಾಳಿಕೊಳ್ಳುತ್ತದೆ ಎಂಬ ವಾದಕ್ಕೆ ಗಟ್ಟಿ ಆಧಾರಗಳಿವೆ. ಓದು ಸಿಗದವರಲ್ಲಿ ಬಡತನವೂ ಚಿಕಿತ್ಸೆ ಕಾಣದ ರಕ್ತದೊತ್ತಡವೂ ಹೆಚ್ಚು. ಆದ್ದರಿಂದ ‘ಓದಿಲ್ಲ, ಅದಕ್ಕೇ ಹೀಗೆ’ ಎಂದು ಕಡಿಮೆ ಅಂಕವನ್ನು ತಳ್ಳಿಹಾಕಿದರೆ ನಿಜವಾದ ರೋಗ ತಪ್ಪಿಸಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ, 27 ಅಂಕ ಪಡೆದು, ಅದೇ ವಾರ ಒಂದೇ ಬಿಲ್ಲನ್ನು ಎರಡು ಬಾರಿ ಕಟ್ಟಿ ಬಂದ ನಿವೃತ್ತ ಮೇಷ್ಟರ ವಿಷಯದಲ್ಲಿ ಅಂಕವನ್ನು ನಂಬಿ ಕೂರುವುದೂ ಸರಿಯಲ್ಲ.

ಈ ಎರಡು ತಪ್ಪುಗಳ ನಡುವೆ ದಾರಿ ತೋರುವುದು ಮನೆಯವರ ಮಾತು. ವ್ಯಕ್ತಿಯನ್ನು ಇತರರೊಂದಿಗಲ್ಲ, ಐದು ವರ್ಷದ ಹಿಂದಿನ ಅವರೊಂದಿಗೇ ಹೋಲಿಸಿ ಕೇಳಬೇಕು: ಹಬ್ಬದ ಅಡುಗೆಯ ಕ್ರಮ ತಪ್ಪುತ್ತಿದೆಯೇ, ಸಂಘದ ಕಂತಿನ ದಿನ ಮರೆಯುತ್ತಿದ್ದಾರೆಯೇ, ಪರಿಚಿತ ಓಣಿಯಲ್ಲಿ ದಾರಿ ತಪ್ಪಿದ್ದಾರೆಯೇ? ಅಜ್ಜಿಯ ಸೊಸೆ ಮೊದಲೆರಡನ್ನೂ ಮೂರನೆಯದನ್ನೂ ಅಲ್ಲಗಳೆದರು. ಆದರೆ ಒಂದು ವರ್ಷದಿಂದ ಕರೆದರೆ ಓಗೊಡುವುದಿಲ್ಲ ಎಂದರು. ಕಿವಿ ಪರೀಕ್ಷೆಗೆ, ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆಗೆ ಬರೆದುಕೊಟ್ಟು, ಆರು ತಿಂಗಳ ನಂತರ ಅದೇ ಬದಲಿ ಪ್ರಶ್ನೆಗಳಿಂದ ಮತ್ತೆ ಅಳೆಯುವುದೆಂದು ನಿರ್ಧರಿಸಿದೆವು. ಒಂದು ಭೇಟಿಯಲ್ಲಿ ಇದಕ್ಕಿಂತ ಹೆಚ್ಚು ಹೇಳುವುದು ಧೈರ್ಯವೇ ಹೊರತು ವೈದ್ಯಕೀಯವಲ್ಲ.

ರೋಗಿಗಳನ್ನು ಕಳುಹಿಸುವ ವೈದ್ಯಮಿತ್ರರಲ್ಲಿ ನನ್ನ ಕೋರಿಕೆ ಸಣ್ಣದು. ಒಟ್ಟು ಅಂಕದ ಬದಲು ಪ್ರಶ್ನೆವಾರು ಹಾಳೆಯನ್ನೇ ಲಗತ್ತಿಸಿ, ಮತ್ತು ‘ನಾಲ್ಕನೇ ಇಯತ್ತೆ’ ಎಂದಷ್ಟೇ ಬರೆಯದೆ, ಈಗ ಬಸ್ಸಿನ ಬೋರ್ಡು ಓದುತ್ತಾರೆಯೇ, ಸಹಿ ಹಾಕುತ್ತಾರೆಯೇ, ಹೆಬ್ಬೆಟ್ಟು ಒತ್ತುತ್ತಾರೆಯೇ ಎಂಬುದನ್ನೂ ಬರೆಯಿರಿ.