ಬರ್ಲಿನ್ ದುಡ್ಡು, ಬೆಂಗಳೂರಿನ ಟಿಡಿಎಸ್: ಫಾರಂ 16ಎ ಓದುವ ಬಗೆ

2025ರ ಜುಲೈನಲ್ಲಿ ಧಾರವಾಡದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ನನ್ನ ಕಚೇರಿಗೆ ಬಂದಿದ್ದರು. ಮನೆಯಲ್ಲೇ ಕೂತು ಬರ್ಲಿನ್‌ನ ಒಂದು ಕಂಪನಿಗೆ ಕೆಲಸ ಮಾಡುತ್ತಾರೆ. ಕೈಯಲ್ಲಿ ಎರಡು ಪುಟದ ಒಂದು ಕಾಗದ. "ಸರ್, ಇಷ್ಟು ವರ್ಷ ನನಗೆ ಟಿಡಿಎಸ್ಸೇ ಇರಲಿಲ್ಲ. ಈಗ 60,000 ಹಿಡಿದಿದ್ದಾರೆ. ಅಂದರೆ ನನ್ನ ಟ್ಯಾಕ್ಸ್ ಮುಗೀತಲ್ವಾ? ನನ್ನ ಗೆಳತಿ ಅಂತೂ ಪೂರ್ತಿ ರೀಫಂಡ್ ಬರುತ್ತೆ ಅಂತಿದ್ದಾಳೆ" ಎಂದರು.

ಅದು ಫಾರಂ 16ಎ. ಸಂಬಳ ಬಿಟ್ಟು ಬೇರೆ ಪಾವತಿಗಳ ಮೇಲೆ ಟಿಡಿಎಸ್, ಅಂದರೆ ದುಡ್ಡು ಕೊಡುವ ಮುಂಚೆಯೇ ತೆರಿಗೆ, ಮುರಿದುಕೊಂಡವರು ಕೊಡುವ ಪ್ರಮಾಣಪತ್ರ. ವಿದೇಶಿ ಕ್ಲೈಂಟ್‌ಗಳನ್ನು ನಂಬಿ ಬದುಕುವವರ ಕೈಗೆ ಇದು ಅಪರೂಪಕ್ಕೆ ಸಿಗುತ್ತದೆ. ಹಾಗಾಗಿ ಓದುವ ಅಭ್ಯಾಸ ಇರುವುದಿಲ್ಲ. ಅವರ ಕಾಗದವನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲು, ಇದು ಬಂದದ್ದು ಎಲ್ಲಿಂದ? ಬರ್ಲಿನ್ ಕಂಪನಿಗೆ ಇಲ್ಲಿ ಕಚೇರಿ ಇರಲಿಲ್ಲ, ಟ್ಯಾನ್ ಇರಲಿಲ್ಲ. ಟ್ಯಾನ್ ಅಂದರೆ ತೆರಿಗೆ ಮುರಿದುಕೊಳ್ಳುವವರು ಪಡೆಯಬೇಕಾದ ಹತ್ತು ಅಕ್ಷರ-ಅಂಕಿಗಳ ಸಂಖ್ಯೆ. 2024ರ ಡಿಸೆಂಬರ್‌ವರೆಗೆ ದುಡ್ಡು ನೇರ ಯೂರೋದಲ್ಲಿ ಬಂತು, ಯಾರೂ ಒಂದು ಪೈಸೆ ಹಿಡಿಯಲಿಲ್ಲ. 2025ರ ಜನವರಿಯಿಂದ ಆ ಕಂಪನಿಯ ಬೆಂಗಳೂರು ಅಂಗಸಂಸ್ಥೆಯ ಹೆಸರಿಗೆ ಬಿಲ್ ಹಾಕಲು ಹೇಳಿದರು. ಕೆಲಸ ಅದೇ, ಮಾತಾಡುವ ಮ್ಯಾನೇಜರ್ ಅವರೇ. ಆದರೆ ದುಡ್ಡು ಕೊಡುವವರು ಭಾರತದ ಕಂಪನಿ. ಹಾಗಾಗಿ ವೃತ್ತಿಪರ, ತಾಂತ್ರಿಕ ಸೇವೆಗಳ ಪಾವತಿಗೆ ತೆರಿಗೆ ಮುರಿಯುವ ಸೆಕ್ಷನ್ 194ಜೆ ಬಂತು, 10% ಮುರಿದರು. ಅವರು ಸಾಫ್ಟ್‌ವೇರ್ ರಫ್ತು ಎಂದು ಜಿಎಸ್‌ಟಿ ಇಲ್ಲದೆ ಹಾಕುತ್ತಿದ್ದ ಬಿಲ್ ಕೂಡ ಅಲ್ಲಿಗೆ ನಿಂತಿತು. ಬೆಂಗಳೂರಿನ ಕಂಪನಿಗೆ ಹಾಕುವ ಬಿಲ್ ರಫ್ತಲ್ಲ, 18% ಜಿಎಸ್‌ಟಿ ಸೇರಿಸಲೇಬೇಕು.

ಈಗ ಕಾಗದಕ್ಕೆ ಬರೋಣ. ಮೇಲ್ಗಡೆ ಪ್ರಮಾಣಪತ್ರದ ಸಂಖ್ಯೆ, ಅದರ ಕೆಳಗೆ ಎಡಕ್ಕೆ ಮುರಿದುಕೊಂಡವರ ಹೆಸರು ವಿಳಾಸ, ಬಲಕ್ಕೆ ನಿಮ್ಮದು. ಆಮೇಲೆ ಅವರ ಪ್ಯಾನ್, ಅವರ ಟ್ಯಾನ್, ನಿಮ್ಮ ಪ್ಯಾನ್. ಇಲ್ಲಿ ನಿಮ್ಮ ಪ್ಯಾನ್ ಒಂದನ್ನು ಅಕ್ಷರ ಅಕ್ಷರ ಬಿಡದೆ ನೋಡಿ. ಒಂದಕ್ಷರ ತಪ್ಪಿದರೂ ಆ ತೆರಿಗೆ ನಿಮ್ಮ ಖಾತೆಗೆ ಬರುವುದಿಲ್ಲ. ಅದನ್ನು ನೀವು ತಿದ್ದಲು ಆಗದು. ಕಂಪನಿಯವರೇ ತಮ್ಮ ತ್ರೈಮಾಸಿಕ ಟಿಡಿಎಸ್ ಲೆಕ್ಕಕ್ಕೆ ತಿದ್ದುಪಡಿ ಸಲ್ಲಿಸಬೇಕು. ಇಲಾಖೆಯ ಟ್ರೇಸಸ್ ಪೋರ್ಟಲ್‌ನಿಂದ ಈ ಪ್ರಮಾಣಪತ್ರ ಇಳಿಸಿಕೊಳ್ಳುವವರೂ ಅವರೇ. ಕಂಪನಿಯೇ ವರ್ಡ್‌ನಲ್ಲಿ ಟೈಪ್ ಮಾಡಿ, ಸೀಲ್ ಹೊಡೆದು ಕೊಟ್ಟ ಪ್ರತಿಯನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಪಕ್ಕದಲ್ಲಿ ಅಸೆಸ್‌ಮೆಂಟ್ ವರ್ಷ 2025-26 ಎಂದಿತ್ತು. ಇದನ್ನು ನೋಡಿ ತುಂಬಾ ಜನ ಗೊಂದಲಕ್ಕೆ ಬೀಳುತ್ತಾರೆ. ಅದು ದುಡಿದ ವರ್ಷ ಅಲ್ಲ, ಅದರ ಮರುವರ್ಷ. ದುಡಿದದ್ದು 2024-25ರಲ್ಲಿ. ಅವಧಿ ಅನ್ನುವ ಜಾಗದಲ್ಲಿ 1 ಜನವರಿಯಿಂದ 31 ಮಾರ್ಚ್ 2025. ಅಂದರೆ ಇದು ಮೂರು ತಿಂಗಳ ಕಾಗದ, ವರ್ಷದ್ದಲ್ಲ. ಮೂರು ತಿಂಗಳಿಗೊಮ್ಮೆ ಹೊಸದು ಬರುತ್ತದೆ. ಮಾರ್ಚ್‌ಗೆ ಮುಗಿಯುವ ತ್ರೈಮಾಸಿಕದ್ದನ್ನು ಜೂನ್ 15ರೊಳಗೆ ಕೊಡಬೇಕು.

ನಂತರ ಪಾವತಿಗಳ ಪಟ್ಟಿ. ನಾವು ಹೆಚ್ಚು ಹೊತ್ತು ಕೂತದ್ದು ಇಲ್ಲೇ. ಮೂರು ಸಾಲು, ಮೂರರಲ್ಲೂ 2,00,000. ಎಂಜಿನಿಯರ್ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ, "ನನಗೆ ಬಂದಿದ್ದು 2,16,000, ಬಿಲ್ ಹಾಕಿದ್ದು 2,36,000, ಇಲ್ಲಿ 2,00,000 ಇದೆ. ಯಾವುದು ಸರಿ?" ಎಂದು ಕೇಳಿದರು. ಮೂರೂ ಸರಿ. ಕೆಲಸದ ಬೆಲೆ 2,00,000. ಅದಕ್ಕೆ 36,000 ಜಿಎಸ್‌ಟಿ ಸೇರಿ ಬಿಲ್ 2,36,000 ಆಯಿತು. ಬಿಲ್‌ನಲ್ಲಿ ಜಿಎಸ್‌ಟಿ ಬೇರೆ ಸಾಲಿನಲ್ಲಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯಬೇಕಿಲ್ಲ ಎಂದು ನೇರ ತೆರಿಗೆ ಮಂಡಳಿ 2017ರ ಸುತ್ತೋಲೆಯಲ್ಲೇ ಹೇಳಿದೆ. ಆದ್ದರಿಂದ 2,00,000ಕ್ಕೆ 10%, ಅಂದರೆ 20,000 ಮುರಿದು 2,16,000 ಹಾಕಿದರು. ಆದಾಯದ ಲೆಕ್ಕಕ್ಕೆ ತೆಗೆದುಕೊಳ್ಳುವುದು 2,00,000ವನ್ನೇ. ಜಿಎಸ್‌ಟಿ ನಿಮ್ಮ ದುಡ್ಡಲ್ಲ, ಸರ್ಕಾರಕ್ಕೆ ಕಟ್ಟುವುದು. ಮುರಿದ 20,000 ಮಾತ್ರ ನಿಮ್ಮದೇ ದುಡ್ಡು, ಕೈಗೆ ಬರದಿದ್ದರೂ ಆದಾಯದಲ್ಲಿ ಸೇರಿಸಬೇಕು.

ಮೊತ್ತದ ಪಕ್ಕ ಪಾವತಿಯ ಸ್ವರೂಪ ಎಂಬ ಕಾಲಂನಲ್ಲಿ ಸೆಕ್ಷನ್ ಇರುತ್ತದೆ. 194ಜೆ ಎರಡು ಬಗೆ. ಕೊನೆಯಲ್ಲಿ A ಇದ್ದರೆ ತಾಂತ್ರಿಕ ಸೇವೆ, 2%. B ಇದ್ದರೆ ವೃತ್ತಿಪರ ಸೇವೆ, 10%. ಇವರದು B. ಕಂಪನಿ ಯಾವುದನ್ನು ಆರಿಸಿದರೂ ನೀವು ಕೊನೆಗೆ ಕಟ್ಟುವ ಒಟ್ಟು ತೆರಿಗೆ ಬದಲಾಗುವುದಿಲ್ಲ, ಮುಂಚೆಯೇ ಹೋಗುವ ಭಾಗ ಮಾತ್ರ ಜಾಸ್ತಿ ಕಡಿಮೆ ಆಗುತ್ತದೆ.

ಇನ್ನು ದಿನಾಂಕದ ಕಾಲಂ. ಅದರ ಹೆಸರೇ ಪಾವತಿ ಅಥವಾ ಜಮೆಯ ದಿನಾಂಕ. ಕಂಪನಿ ತನ್ನ ಪುಸ್ತಕದಲ್ಲಿ ನಿಮ್ಮ ಬಿಲ್ ಬರೆದುಕೊಂಡ ದಿನ ಅಥವಾ ದುಡ್ಡು ಕೊಟ್ಟ ದಿನ, ಯಾವುದು ಮೊದಲೋ ಆ ದಿನವೇ ತೆರಿಗೆ ಮುರಿಯಬೇಕು. ಇವರ ಮೂರನೇ ಸಾಲಿನಲ್ಲಿ 31/03/2025 ಇತ್ತು. ದುಡ್ಡು ಬಂದಿದ್ದು ಏಪ್ರಿಲ್ 9ಕ್ಕೆ. ಈ ಒಂಬತ್ತು ದಿನ ಎರಡು ಹಣಕಾಸು ವರ್ಷಗಳ ನಡುವೆ ಬಿತ್ತು.

ನಾನು ಕೇಳಿದೆ: "ಬರ್ಲಿನ್ ದುಡ್ಡನ್ನು ಇಷ್ಟು ವರ್ಷ ಹೇಗೆ ಲೆಕ್ಕ ಹಿಡಿದಿರಿ? ಬಿಲ್ ಹಾಕಿದ ದಿನವೋ, ಬ್ಯಾಂಕಿಗೆ ಬಂದ ದಿನವೋ?" ಬಂದ ದಿನ ಎಂದರು. ಹಾಗಿದ್ದರೆ ಬೆಂಗಳೂರಿನ ದುಡ್ಡಿಗೂ ಅದೇ ಪದ್ಧತಿ. ಮಾರ್ಚ್ ಬಿಲ್ 2025-26ರ ಆದಾಯ. ಅದರ ಮೇಲೆ ಹಿಡಿದ 20,000 ಕೂಡ ಆದಾಯದ ಜೊತೆಗೇ ಮುಂದೆ ಹೋಗಬೇಕು. ಆದಾಯ ಯಾವ ವರ್ಷಕ್ಕೋ ಟಿಡಿಎಸ್ ಲಾಭವೂ ಆ ವರ್ಷಕ್ಕೇ ಎಂದು ನಿಯಮ 37ಬಿಎ ಹೇಳುತ್ತದೆ. ರಿಟರ್ನ್‌ನ ಟಿಡಿಎಸ್ ಪಟ್ಟಿಯಲ್ಲಿ ಮುಂದಿನ ವರ್ಷಕ್ಕೆ ಒಯ್ಯುವ ಕಾಲಂ ಇದೆ, ಅಲ್ಲಿ ಹಾಕಿದೆವು. ಆದಾಯವನ್ನು ಮುಂದಿನ ವರ್ಷಕ್ಕೆ ತಳ್ಳಿ, ಟಿಡಿಎಸ್ ಮಾತ್ರ ಈ ವರ್ಷವೇ ಕೇಳಿದರೆ ನೋಟಿಸ್ ಬರುವ ಸಾಧ್ಯತೆ ಜಾಸ್ತಿ. ನೀವು ಬಿಲ್ ದಿನದ ಪದ್ಧತಿ ಇಟ್ಟುಕೊಂಡಿದ್ದರೆ ಮೂರೂ ಸಾಲನ್ನು ಈ ವರ್ಷವೇ ತೋರಿಸಬಹುದು. ಎರಡನ್ನೂ ಬೆರೆಸಬಾರದು, ಅಷ್ಟೇ.

ಕಾಗದದ ಕೆಳಭಾಗದಲ್ಲಿ ಮುರಿದದ್ದು ಎಷ್ಟು, ಸರ್ಕಾರಕ್ಕೆ ಕಟ್ಟಿದ್ದು ಎಷ್ಟು ಎಂದು ಎರಡು ಅಂಕಿ ಪಕ್ಕಪಕ್ಕ ಇರುತ್ತವೆ. ಎರಡೂ ಒಂದೇ ಇರಬೇಕು. ಕೊನೆಯ ಪಟ್ಟಿಯಲ್ಲಿ ಚಲನ್ ವಿವರ: ಬ್ಯಾಂಕ್ ಶಾಖೆಯ ಬಿಎಸ್‌ಆರ್ ಕೋಡ್, ಕಟ್ಟಿದ ದಿನ, ಚಲನ್ ಕ್ರಮಸಂಖ್ಯೆ, ಎಲ್ಲದರ ಕೊನೆಗೆ ಒಂದೇ ಅಕ್ಷರ. F ಇದ್ದರೆ ಚಲನ್ ತಾಳೆಯಾಗಿದೆ. U ಇದ್ದರೆ ತಾಳೆಯಾಗಿಲ್ಲ, ರಿಟರ್ನ್ ಹಾಕುವ ಮೊದಲೇ ಕಂಪನಿಗೆ ಇಮೇಲ್ ಮಾಡಿ. ಇದೇ ಅಂಕಿಗಳು ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರಂ 26ಎಎಸ್‌ನಲ್ಲೂ ಇರಬೇಕು. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ನೀವೇ ನೋಡಬಹುದು. ಮುರಿದುಕೊಂಡು ಕಂಪನಿ ಕಟ್ಟದೇ ಇದ್ದರೆ? ಆ ತೆರಿಗೆಯನ್ನು ಮತ್ತೆ ನಿಮ್ಮಿಂದ ವಸೂಲಿ ಮಾಡುವಂತಿಲ್ಲ ಎಂದು 1961ರ ಕಾಯ್ದೆಯ ಸೆಕ್ಷನ್ 205 ಹೇಳುತ್ತದೆ. ಆದರೆ ಮುರಿದದ್ದನ್ನು ತೋರಿಸಲು ಬಿಲ್ಲು, ಬ್ಯಾಂಕ್ ಎಂಟ್ರಿ, ಇಮೇಲ್ ನಿಮ್ಮ ಹತ್ತಿರ ಇರಬೇಕು.

ಇಷ್ಟು ಓದಿದ ಮೇಲೆ ಕಾಗದದಲ್ಲಿ ಇಲ್ಲದ್ದು ಏನು ಎಂದು ನೋಡಬೇಕು. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಯೂರೋದಲ್ಲಿ ಬಂದ 18,00,000 ರೂಪಾಯಿ ಇದರಲ್ಲಿ ಎಲ್ಲೂ ಇಲ್ಲ, 26ಎಎಸ್‌ನಲ್ಲೂ ಇಲ್ಲ. ಟಿಡಿಎಸ್ ಹಿಡಿದಿಲ್ಲ ಅಂದರೆ ತೆರಿಗೆ ಇಲ್ಲ ಅಂತಲ್ಲ. ಭಾರತದ ನಿವಾಸಿಗೆ ಹೊರಗಿನ ಆದಾಯಕ್ಕೂ ಇಲ್ಲೇ ತೆರಿಗೆ. ಅದರ ದಾಖಲೆ ಬ್ಯಾಂಕಿನ ವಿದೇಶಿ ಪಾವತಿ ಸೂಚನಾಪತ್ರ. ಪ್ರತಿ ಪಾವತಿಗೂ ಅದನ್ನು ಕೇಳಿ ಇಟ್ಟುಕೊಳ್ಳಿ.

ಗೆಳತಿ ಹೇಳಿದ್ದು ಏನು ಅಂತ ಈಗ ನನಗೆ ಅರ್ಥವಾಯಿತು. 16ಎ ಒಂದನ್ನೇ ನೋಡಿದರೆ ವರ್ಷದ ದುಡಿಮೆ 6,00,000. ಸಣ್ಣ ವೃತ್ತಿಪರರಿಗಿರುವ ಸೆಕ್ಷನ್ 44ಎಡಿಎ ಪ್ರಕಾರ ಅರ್ಧ ಲಾಭವೆಂದು ತೋರಿಸಿದರೆ 3,00,000. ತೆರಿಗೆ ಸೊನ್ನೆ, 60,000 ವಾಪಸ್. ಹಾಗೆ ಹಾಕಿದ್ದರೆ ಅದು 18 ಲಕ್ಷ ಮುಚ್ಚಿಟ್ಟ ರಿಟರ್ನ್ ಆಗುತ್ತಿತ್ತು.

ನಿಜವಾದ ಲೆಕ್ಕ ಹೀಗೆ. ಬರ್ಲಿನ್‌ನಿಂದ 18,00,000, ಬೆಂಗಳೂರಿನಿಂದ ಬಂದ ಎರಡು ತಿಂಗಳದ್ದು 4,00,000, ಒಟ್ಟು 22,00,000. ಅರ್ಧ, 11,00,000. ಆ ವರ್ಷದ ಹೊಸ ಪದ್ಧತಿಯ ದರದಲ್ಲಿ ತೆರಿಗೆ 65,000, ಸೆಸ್ ಸೇರಿ 67,600. ಈ ವರ್ಷಕ್ಕೆ ಸಲ್ಲುವ ಟಿಡಿಎಸ್ 40,000 ಕಳೆದರೆ ಬಾಕಿ 27,600. ಬಾಕಿ 10,000 ದಾಟಿದ್ದರಿಂದ ಅದನ್ನು ಮಾರ್ಚ್ 15ರೊಳಗೆ ಮುಂಗಡ ತೆರಿಗೆಯಾಗಿ ಕಟ್ಟಬೇಕಿತ್ತು. ಕಟ್ಟಿರಲಿಲ್ಲ. ಏಪ್ರಿಲ್‌ನಿಂದ ಜುಲೈವರೆಗೆ ತಿಂಗಳಿಗೆ 1%ರಂತೆ ಬಡ್ಡಿ 1,104, ಮಾರ್ಚ್ ಕಂತು ತಪ್ಪಿದ್ದಕ್ಕೆ ಇನ್ನೊಂದು 276. ಒಟ್ಟು 28,980 ಕಟ್ಟಿ ರಿಟರ್ನ್ ಹಾಕಿದರು. ರೀಫಂಡ್ ನಿರೀಕ್ಷೆಯಲ್ಲಿ ಬಂದವರಿಗೆ ಬೇಸರವಾಯಿತು. ನನಗೂ ಆಯಿತು, ಯಾಕೆಂದರೆ ಮಾರ್ಚ್‌ನಲ್ಲಿ ಬಂದಿದ್ದರೆ ಆ 1,380 ರೂಪಾಯಿ ಬಡ್ಡಿ ಉಳಿಯುತ್ತಿತ್ತು.

ಹೊರಡುವಾಗ ಇನ್ನೊಂದು ಕೇಳಿದರು: "ಅಮೆರಿಕದ ಒಬ್ಬ ಕ್ಲೈಂಟ್ ಅಲ್ಲೇ ಟ್ಯಾಕ್ಸ್ ಹಿಡಿದರೆ ಅದಕ್ಕೂ 16ಎ ಬರುತ್ತಾ?" ಬರುವುದಿಲ್ಲ. ಅಲ್ಲಿನ ಕಾಗದದ ಹೆಸರು 1042-S. ಅದನ್ನು ಟಿಡಿಎಸ್ ಕಾಲಂನಲ್ಲಿ ಹಾಕಬಾರದು. ವಿದೇಶಿ ತೆರಿಗೆಯ ಲಾಭ ಕೇಳುವ ದಾರಿಯೇ ಬೇರೆ, ಆ ವರ್ಷಕ್ಕೆ ಅದು ಫಾರಂ 67. ಆದರೆ ಧಾರವಾಡದಲ್ಲಿ ಕೂತು ಮಾಡಿದ ಕೆಲಸಕ್ಕೆ ಅಮೆರಿಕದಲ್ಲಿ ಸಾಮಾನ್ಯವಾಗಿ ತೆರಿಗೆ ಹಿಡಿಯಬೇಕಿಲ್ಲ. ಕೆಲಸ ಶುರುವಾಗುವಾಗಲೇ, ನೀವು ಅಮೆರಿಕದವರಲ್ಲ ಎಂದು ತಿಳಿಸುವ W-8BEN ಫಾರಂ ತುಂಬಿ ಕ್ಲೈಂಟ್‌ಗೆ ಕೊಡಿ ಎಂದೆ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಮೇಲೆ ಹೇಳಿದ ಸಂಖ್ಯೆಗಳೆಲ್ಲ ಅದಕ್ಕೂ ಹಿಂದಿನ ವರ್ಷಗಳ ಕಾಗದಕ್ಕೆ. ಧಾರವಾಡದವರು ಆ ಹಳೆಯ 16ಎಯನ್ನು ಎಸೆಯುವಂತಿಲ್ಲ. ಮಾರ್ಚ್ ಬಿಲ್‌ನ 20,000 ಇರುವುದು ಅದರಲ್ಲೇ. 2025-26ರ ದುಡಿಮೆಯ ರಿಟರ್ನ್‌ನಲ್ಲಿ ಆ ಮೊತ್ತ ಕೇಳುವಾಗ, ಮುರಿದ ವರ್ಷ 2024-25 ಎಂದೇ ಬರೆಯಬೇಕು. ಏಪ್ರಿಲ್ 9ರ ಬ್ಯಾಂಕ್ ಎಂಟ್ರಿಯನ್ನು ಅದರ ಹಿಂದೆಯೇ ಪಿನ್ ಮಾಡಿಟ್ಟಿದ್ದಾರೆ.