ರಜೆ ಅರ್ಜಿಯ ಪುಟ್ಟ ಬಾಕ್ಸಿಗೆ ಪತ್ರ ಬೇಡ

"ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..." ರಜೆ ಪೋರ್ಟಲಿನ ಕಾರಣದ ಬಾಕ್ಸಿನಲ್ಲಿ ಹೀಗೆ ಶುರುವಾಗುವ ಅರ್ಜಿ ಕಂಡರೆ ನಾನು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತೇನೆ. ಬರೆದವರ ಮೇಲೆ ಸಿಟ್ಟಿಲ್ಲ. ಶಾಲೆಯಲ್ಲಿ ರಜಾ ಅರ್ಜಿ ಕಲಿಸಿದ್ದೇ ಹಾಗಲ್ವಾ? ಆದರೆ ಅಲ್ಲಿ ಪೂರ್ತಿ ಒಂದು ಹಾಳೆ ಇತ್ತು. ಹೆಸರು, ತಾರೀಖು ಎಲ್ಲವನ್ನೂ ನಾವೇ ಬರೆಯಬೇಕಿತ್ತು. ಪೋರ್ಟಲಿನಲ್ಲಿ ಅವೆಲ್ಲ ಆಗಲೇ ಬೇರೆ ಕಾಲಂಗಳಲ್ಲಿ ತುಂಬಿರುತ್ತವೆ.

ಸಿಬ್ಬಂದಿ ವಿಭಾಗದಲ್ಲಿ ಕೂತು ಈ ಅರ್ಜಿಗಳನ್ನು ನೋಡುವುದು ನನ್ನ ಕೆಲಸ. ಜನ ಪದೇ ಪದೇ ತಪ್ಪು ತಿಳಿಯುವುದು ಒಂದೇ ವಿಷಯವನ್ನು. ಕಾರಣದ ಬಾಕ್ಸು ರಜೆ ಕೇಳುವ ಜಾಗ ಅಂದುಕೊಳ್ಳುತ್ತಾರೆ. ಕೇಳುವ ಕೆಲಸ ನೀವು ಸಲ್ಲಿಸು ಬಟನ್ ಒತ್ತಿದಾಗಲೇ ಆಗುತ್ತದೆ. ಬಾಕ್ಸು ಇರುವುದು ಫಾರಂನ ಉಳಿದ ಕಾಲಂಗಳಲ್ಲಿ ಇಲ್ಲದ ಸಂಗತಿಯನ್ನು ಹೇಳುವುದಕ್ಕೆ.

ಒಂದು ಅರ್ಜಿಯನ್ನೇ ನೋಡಿ. ಲೆಕ್ಕಪತ್ರ ವಿಭಾಗದ ಹುಡುಗನೊಬ್ಬ ಹಾಕಿದ್ದು. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ಬಾಕ್ಸಿನ ಮಿತಿ 200 ಅಕ್ಷರ. ಅವನ ಮೇಲಧಿಕಾರಿಗೆ ತಲುಪಿದ್ದು ಇಷ್ಟು:

"ಮಾನ್ಯರೇ, ನಾನು ಇದೇ ತಿಂಗಳ 12ನೇ ತಾರೀಖಿನಿಂದ 14ನೇ ತಾರೀಖಿನವರೆಗೆ ಮೂರು ದಿನ ಸಾಂದರ್ಭಿಕ ರಜೆ ಮಂಜೂರು ಮಾಡಬೇಕೆಂದು ಈ ಮೂಲಕ ಕೋರುತ್ತೇನೆ. ನಮ್ಮ ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಇರುವುದರಿಂದ ಜೊತೆಗಿರಬೇಕಾಗಿದೆ. ತಿಂಗಳ ಲೆಕ್ಕದ ಕೆಲಸವನ್"

ಅಲ್ಲಿಗೆ ಕಟ್. ಮುಂದೆ ಅವನು ಬರೆದಿದ್ದು ಏನು ಗೊತ್ತಾ? ಲೆಕ್ಕ ಮುಗಿಸಿದ್ದೇನೆ, 13ರಂದು ಅದನ್ನು ಸಲ್ಲಿಸಲು ಸಹೋದ್ಯೋಗಿ ಒಪ್ಪಿದ್ದಾರೆ ಅಂತ. ಮೇಲಧಿಕಾರಿಗೆ ತಿಳಿಯಬೇಕಿದ್ದ ಮಾತು ಅದೊಂದೇ. ಅದು ಕಾಣದೆ, 13ರ ಸಲ್ಲಿಕೆ ನೆನಪಿಸಿಕೊಂಡು, ಅವರು ಅರ್ಜಿ ವಾಪಸ್ ಕಳಿಸಿದರು. ಹುಡುಗ ನನ್ನ ಹತ್ತಿರ ಬಂದು, "ಅಮ್ಮನ ಆಪರೇಷನ್ನಿಗೂ ರಜೆ ಕೊಡಲ್ವಾ ಮೇಡಂ?" ಅಂದ. ಮುಖ ನೋಡಿ ಪಾಪ ಅನ್ನಿಸಿತು. ಅವರಿಬ್ಬರ ನಡುವೆ ನಿಜವಾದ ಜಗಳ ಯಾವುದೂ ಇರಲಿಲ್ಲ.

ಕಂಪ್ಯೂಟರ್ ಎಣಿಸುವ ಹಾಗೆ ಲೆಕ್ಕ ಹಾಕಿದರೆ, ಅವನ ಮೊದಲ ವಾಕ್ಯವೇ 117 ಅಕ್ಷರ ನುಂಗಿದೆ. ಅದರಲ್ಲಿರುವುದೇನು? ತಾರೀಖು, ದಿನಗಳ ಸಂಖ್ಯೆ, ರಜೆಯ ಬಗೆ. ಮೂರೂ ಅದೇ ಪರದೆಯಲ್ಲಿ ಬಾಕ್ಸಿನ ಮೇಲೆಯೇ ಇವೆ. ಸುಮ್ನೆ ಇನ್ನೊಮ್ಮೆ ಹೇಳಿದರೆ ಜಾಗ ಹೋಗುವುದಷ್ಟೇ ಅಲ್ಲ, ಅಪಾಯವೂ ಇದೆ. ಕಾಲಂನಲ್ಲಿ 12ರಿಂದ 14 ಅಂತ ಆರಿಸಿ, ಬಾಕ್ಸಿನಲ್ಲಿ ಕೈತಪ್ಪಿ 15 ಅಂತ ಬರೆದವರಿದ್ದಾರೆ. ವ್ಯವಸ್ಥೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಾಲಂನಲ್ಲಿದ್ದದ್ದನ್ನು, ಮೇಲಧಿಕಾರಿ ನೆನಪಿಟ್ಟುಕೊಳ್ಳುವುದು ಬಾಕ್ಸಿನಲ್ಲಿದ್ದದ್ದನ್ನು. ಆಮೇಲೆ ಸಂಬಳದ ಹೊತ್ತಿಗೆ ತಕರಾರು.

ಇನ್ನೊಂದು ಸಂಗತಿ. ಅರ್ಜಿ ಅಪ್ರೂವ್ ಮಾಡುವವರು ಸಾಮಾನ್ಯವಾಗಿ ಮೊದಲು ನೋಡುವುದು ಒಂದು ಪಟ್ಟಿಯನ್ನು. ಇಲ್ಲವೇ ಫೋನಿಗೆ ಬಂದ ಸೂಚನೆಯನ್ನು. ಎರಡರಲ್ಲೂ ಕಾರಣದ ಮೊದಲ ಕೆಲವು ಪದ ಮಾತ್ರ ಕಾಣುತ್ತವೆ. ಎಲ್ಲರೂ "ಮಾನ್ಯರೇ, ನಾನು" ಅಂತ ಶುರುಮಾಡಿದರೆ ಇಡೀ ಪಟ್ಟಿ ಒಂದೇ ಥರ ಕಾಣುತ್ತದೆ. ಹಾಗಾಗಿ ಮುಖ್ಯ ಪದ ಮೊದಲೇ ಬರಲಿ. ವಿನಯ ಕಡಿಮೆಯಾಯಿತು ಅಂತ ಯಾರೂ ಅಂದುಕೊಳ್ಳುವುದಿಲ್ಲ.

ಆ ಹುಡುಗನ ಅರ್ಜಿಯನ್ನು ಇಬ್ಬರೂ ಕೂತು ತಿದ್ದಿದೆವು. ಕಾರಣದಲ್ಲಿ: "ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆ, ಜೊತೆಗಿರಬೇಕು." ಅಷ್ಟೇ, 42 ಅಕ್ಷರ. ಕೆಳಗಿನ ಕಾಮೆಂಟ್ ಬಾಕ್ಸಿನಲ್ಲಿ: "ತಿಂಗಳ ಲೆಕ್ಕ ಮುಗಿದಿದೆ. 13ರ ಸಲ್ಲಿಕೆ ಸಹೋದ್ಯೋಗಿ ಮಾಡುತ್ತಾರೆ, ಒಪ್ಪಿದ್ದಾರೆ. ಸಂಜೆ 5ರ ನಂತರ ಫೋನಿಗೆ ಸಿಗುತ್ತೇನೆ." ಸಹೋದ್ಯೋಗಿಯ ಹೆಸರನ್ನು ನಾನಿಲ್ಲಿ ಬಿಟ್ಟಿದ್ದೇನೆ, ನೀವು ಬಿಡಬೇಡಿ. ಹೆಸರಿಲ್ಲದೆ "ಕೆಲಸ ವಹಿಸಿದ್ದೇನೆ" ಅಂದರೆ ಮುಂದಿನ ಪ್ರಶ್ನೆ "ಯಾರಿಗೆ?" ಅಂತಲೇ ಬರುತ್ತದೆ. ಕಾರಣ ಬೇರೆ, ಕಾಮೆಂಟ್ ಬೇರೆ ಅನ್ನುವುದನ್ನೂ ಗಮನಿಸಿ. ಏಕೆ ರಜೆ ಅನ್ನುವುದು ಮೇಲೆ. ನೀವಿಲ್ಲದಾಗ ಕೆಲಸ ಹೇಗೆ ಸಾಗುತ್ತದೆ ಅನ್ನುವುದು ಕೆಳಗೆ. ಒಂದೇ ಬಾಕ್ಸಿದ್ದರೆ ಇದೇ ಕ್ರಮದಲ್ಲಿ ಎರಡನ್ನೂ ಬರೆಯಿರಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಕಂಪ್ಯೂಟರ್ ಎಣಿಸುವುದು ನಮ್ಮ ಕಣ್ಣು ಎಣಿಸಿದ ಹಾಗಲ್ಲ. "ಆಸ್ಪತ್ರೆ" ನಮಗೆ ಮೂರು ಅಕ್ಷರ. ಆದರೆ ಯೂನಿಕೋಡ್‌ನಲ್ಲಿ ವ್ಯಂಜನ, ಒತ್ತಕ್ಷರ ಕೂಡಿಸುವ ಚಿಹ್ನೆ, ಸ್ವರ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ, ಹಾಗಾಗಿ ಅದು 8. ಕೆಲವು ಹಳೆಯ ವ್ಯವಸ್ಥೆಗಳು ಅಕ್ಷರದ ಬದಲು ಬೈಟ್ ಎಣಿಸುತ್ತವೆ. UTF-8 ಪದ್ಧತಿಯಲ್ಲಿ ಪ್ರತಿ ಕನ್ನಡ ಚಿಹ್ನೆಗೂ 3 ಬೈಟ್, ಅಂದರೆ ಅದೇ ಪದ 24 ಬೈಟ್. ಮೇಲಿನ ಅರ್ಜಿ "ಕೆಲಸವನ್" ಅಂತ ಅರ್ಧಕ್ಕೆ ನಿಂತದ್ದಕ್ಕೂ ಒಂದೊಂದೇ ಚಿಹ್ನೆ ಎಣಿಸುವ ಈ ಲೆಕ್ಕವೇ ಕಾರಣ. ಮಿತಿ ಮುಗಿದದ್ದು ಒತ್ತಕ್ಷರದ ನಡುವೆ.

ಕೆಲವು ಬಾಕ್ಸುಗಳು ಮಿತಿ ಮುಟ್ಟಿದ ಕೂಡಲೇ ಟೈಪ್ ಮಾಡಲು ಬಿಡುವುದಿಲ್ಲ. ಕೆಲವು ಕೆಂಪು ಸಾಲು ತೋರಿಸುತ್ತವೆ. ಬೇರೆ ಕಡೆ ಬರೆದು ಪೇಸ್ಟ್ ಮಾಡಿದರೆ ಬಾಲವನ್ನು ಸದ್ದಿಲ್ಲದೆ ಕತ್ತರಿಸುವವೂ ಇವೆ, ಇವೇ ಕೆಟ್ಟವು. ಪತ್ತೆ ಹಚ್ಚುವುದು ಸುಲಭ. ಸಲ್ಲಿಸಿದ ಮೇಲೆ ನಿಮ್ಮ ಅರ್ಜಿಯನ್ನು ನೀವೇ ತೆರೆದು ಕೊನೆಯ ಪದ ನೋಡಿ.

ಚಿಕ್ಕದಾಗಿ ಅಂದರೆ "ವೈಯಕ್ತಿಕ" ಅಂತ ಒಂದೇ ಪದ ಸಾಕೇ? ಬಹಳ ಸಲ ಸಾಕು. ಆದರೆ ಇದನ್ನು ನಾನು ಖಚಿತವಾಗಿ ಹೇಳಲಾರೆ, ಏಕೆಂದರೆ ಪ್ರತಿ ಸಂಸ್ಥೆಯ ನಿಯಮ ಬೇರೆ. ಕೆಲವು ಬಗೆಯ ರಜೆಗೆ ನಿರ್ದಿಷ್ಟ ಕಾರಣ ಅಥವಾ ದಾಖಲೆ ಬೇಕೇ ಬೇಕು. ನಿಮ್ಮ ರಜಾ ನಿಯಮವನ್ನು ಒಮ್ಮೆ ಓದಿಕೊಳ್ಳಿ.

ಇದರ ಉಲ್ಟಾ ತಪ್ಪು ನನಗೆ ಜಾಸ್ತಿ ಚಿಂತೆ ತರುತ್ತದೆ. ಕಾಯಿಲೆಯ ಹೆಸರು, ಪರೀಕ್ಷೆಯ ಫಲಿತಾಂಶ, ಮನೆಯ ಜಗಳ, ಎಲ್ಲವನ್ನೂ ಬಾಕ್ಸಿಗೆ ಸುರಿಯುವವರಿದ್ದಾರೆ. ಅದನ್ನು ನಿಮ್ಮ ಮೇಲಧಿಕಾರಿ ಒಬ್ಬರೇ ಓದುವುದಿಲ್ಲ. ಸಿಬ್ಬಂದಿ ವಿಭಾಗ, ಸಂಬಳ ಮಾಡುವವರು, ಕೆಲವೊಮ್ಮೆ ಲೆಕ್ಕ ತಪಾಸಣೆಯವರೂ ಓದಬಹುದು. ಒಮ್ಮೆ ಅಪ್ರೂವ್ ಆದ ಮೇಲೆ ಅಳಿಸಲು ಸಾಮಾನ್ಯವಾಗಿ ನಿಮ್ಮಿಂದ ಆಗುವುದಿಲ್ಲ. "ಅನಾರೋಗ್ಯ, ವೈದ್ಯರ ಪ್ರಮಾಣಪತ್ರ ಲಗತ್ತಿಸಿದೆ" ಅಂದರೆ ಸಾಕಾಗುತ್ತದೆ. ಹೆಚ್ಚಿನ ವಿವರ ಬೇಕಾದರೆ ಅವರೇ ಕೇಳಲಿ, ಎದುರು ಕೂತು ಹೇಳಿ. ಹಾಗೆಯೇ, ಕೆಲಸ ವಹಿಸುವ ಉತ್ಸಾಹದಲ್ಲಿ ಕಂಪ್ಯೂಟರಿನ ಪಾಸ್‌ವರ್ಡನ್ನು ಕಾಮೆಂಟಿನಲ್ಲಿ ಬರೆದ ಪುಣ್ಯಾತ್ಮರೂ ಇದ್ದಾರೆ. ದಯವಿಟ್ಟು ಬೇಡ.

ಕೊನೆಗೆ, ತಾರೀಖು ಬದಲಾದರೆ. ಇಲ್ಲಿ ಮಾತ್ರ ತಾರೀಖನ್ನು ಬಾಕ್ಸಿನಲ್ಲಿ ಬರೆಯಲೇಬೇಕು, ಏಕೆಂದರೆ ಹಳೆಯ ತಾರೀಖು ಹೊಸ ಅರ್ಜಿಯ ಕಾಲಂಗಳಲ್ಲಿ ಇರುವುದಿಲ್ಲ. "ರಜೆ ಬದಲಾವಣೆ" ಅಂತ ಬರೆದರೆ ನಮಗೆ ಏನೂ ತಿಳಿಯುವುದಿಲ್ಲ, ಎರಡೂ ಅರ್ಜಿ ಅಪ್ರೂವ್ ಆಗಿ ದಿನಗಳು ಎರಡು ಸಲ ಕಡಿತವಾಗಲೂಬಹುದು. ಹೀಗೆ ಬರೆಯಿರಿ: "12–14ರ ಅರ್ಜಿ ರದ್ದು ಮಾಡಿ. ಅದರ ಬದಲು 19–21. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿದೆ." ಪೋರ್ಟಲಿನಲ್ಲಿ ರದ್ದು ಬಟನ್ ಇದ್ದರೆ ಮೊದಲು ಅದನ್ನು ಒತ್ತಿ, ಆಮೇಲೆ ಹೊಸದು ಹಾಕಿ.