ಬಾಳೆಹಣ್ಣು ತಿಂದರೂ ಮೀನಖಂಡ ಹಿಡಿಯುವುದೇಕೆ?

ಪ್ರಶ್ನೆ: ಹಾಫ್ ಮ್ಯಾರಥಾನ್‌ನಲ್ಲಿ ಪೆಡರ್ ರೋಡ್ ಏರು ಬಂತೆಂದರೆ ನನ್ನ ಮೀನಖಂಡ ಹಿಡಿದುಕೊಳ್ಳುತ್ತದೆ. ದಿನಾ ಬಾಳೆಹಣ್ಣು ತಿನ್ನುತ್ತೇನೆ, ಮೆಗ್ನೀಸಿಯಂ ಮಾತ್ರೆಯೂ ನಡೆದಿದೆ. ಇನ್ನೇನು ಕೊರತೆ? (ಮಾಟುಂಗಾದ ಓದುಗರು)

ಜನವರಿ ಹತ್ತಿರವಾದಂತೆ ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ವರ್ಷ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ: ಬಾಳೆಹಣ್ಣನ್ನು ಹಸಿವಿಗೆ ತಿನ್ನಿ, ಸೆಳೆತಕ್ಕೆ ಬೇಡ.

ಲೆಕ್ಕ ಹಾಕಿ ನೋಡೋಣ. ಎರಡು ಗಂಟೆ ಓಡಿ ಎರಡು ಲೀಟರ್ ಬೆವರಿದಿರಿ ಎಂದುಕೊಳ್ಳಿ. ಅದರಲ್ಲಿ ಹೋಗುವ ಪೊಟ್ಯಾಸಿಯಂ ಸುಮಾರು 400 ಮಿಲಿಗ್ರಾಂ. ಮೈಯೊಳಗಿರುವುದು 100 ಗ್ರಾಂಗೂ ಹೆಚ್ಚು. ಅಷ್ಟೇ ಅಲ್ಲ, ಓಡುವಾಗ ದುಡಿಯುವ ಸ್ನಾಯುಗಳಿಂದ ಪೊಟ್ಯಾಸಿಯಂ ಹೊರಬರುವುದರಿಂದ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಇನ್ನು ಮೆಗ್ನೀಸಿಯಂ ಬೆವರಿನಲ್ಲಿ ಹೋಗುವುದು ತೀರಾ ಕಡಿಮೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ಅವಲೋಕನದ ಪ್ರಕಾರ, ಆ ಮಾತ್ರೆಯಿಂದ ವಯಸ್ಸಾದವರ ಸೆಳೆತ ಹೇಳಿಕೊಳ್ಳುವಷ್ಟು ಕಡಿಮೆಯಾಗುವ ಸಾಧ್ಯತೆಯಿಲ್ಲ. ವ್ಯಾಯಾಮದ ಸೆಳೆತದ ಮೇಲೆ ಸರಿಯಾದ ಪ್ರಯೋಗವೇ ಅದಕ್ಕೆ ಸಿಗಲಿಲ್ಲ. ಮಾತ್ರೆ ಹೆಚ್ಚಾದರೆ ಹೊಟ್ಟೆ ಸಡಿಲವಾಗುವುದು ಮಾತ್ರ ಖಾತ್ರಿ.

ನೀರೂ ಲವಣವೂ ಇಡೀ ಮೈಯಿಂದ ಹೋಗುತ್ತವೆ. ಹಾಗಿದ್ದರೆ ತೋಳು ಬಿಟ್ಟು ಮೀನಖಂಡವೇ ಏಕೆ ಹಿಡಿಯಬೇಕು? ಪಾದದ ಬೆರಳನ್ನು ಮೊಣಕಾಲಿನತ್ತ ಎಳೆದು ಹಿಡಿದರೆ, ಒಂದು ಹನಿ ನೀರು ಕುಡಿಯದೆಯೇ ಬಿಗಿತ ಬಿಡುವುದು ಹೇಗೆ? ದಣಿದ ಸ್ನಾಯುವಿಗೆ 'ಬಿಗಿಯಾಗು' ಎನ್ನುವ ನರಸಂಕೇತ ಜೋರಾಗಿ, ಸ್ನಾಯುರಜ್ಜುವಿನಿಂದ ಬರುವ 'ಸಾಕು' ಎನ್ನುವ ಸಂಕೇತ ಕುಗ್ಗುತ್ತದೆ ಎಂಬುದು ಇದಕ್ಕೆ ಹೆಚ್ಚು ಹೊಂದುವ ವಿವರಣೆ. ಎಳೆದಾಗ ಆ ಎರಡನೆಯದು ಮತ್ತೆ ಎಚ್ಚರಗೊಳ್ಳುತ್ತದೆ. ಸಂಶೋಧಕ ಷ್ವೆಲ್ನಸ್ ತಂಡ 2011ರಲ್ಲಿ ಪ್ರಕಟಿಸಿದ, ಈಜು-ಸೈಕಲ್-ಓಟ ಮೂರೂ ಇರುವ ಐರನ್‌ಮ್ಯಾನ್ ಸ್ಪರ್ಧಿಗಳ ಅಧ್ಯಯನದಲ್ಲೂ ಸೆಳೆತ ಬಂದವರಿಗೂ ಬಾರದವರಿಗೂ ನೀರು, ಲವಣದಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಸೆಳೆತ ಬಂದವರು ಹೆಚ್ಚು ವೇಗದ ಗುರಿ ಇಟ್ಟುಕೊಂಡಿದ್ದರು.

ಆದ್ದರಿಂದ ನಿಮ್ಮನ್ನು ಕೇಳಬೇಕಾದದ್ದು: ಅಭ್ಯಾಸವೆಲ್ಲ ಮರೀನ್ ಡ್ರೈವ್‌ನ ಸಮತಟ್ಟಿನಲ್ಲೇ ನಡೆಯುತ್ತಿದೆಯೇ? ವಾರಕ್ಕೊಮ್ಮೆ ಏರು ಓಡಿ, ಹಿಮ್ಮಡಿ ಎತ್ತಿಳಿಸುವ ವ್ಯಾಯಾಮ ಮಾಡಿ, ಮೊದಲ ಕಿಲೋಮೀಟರುಗಳನ್ನು ಅಭ್ಯಾಸದ ವೇಗದಲ್ಲೇ ಓಡಿ. ಬಾಯಾರಿದಾಗ ನೀರು ಕುಡಿಯಿರಿ. ಸೆಳೆತದ ಭಯಕ್ಕೆ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಕುತ್ತಾಗಬಹುದು.

ನೀವು ಕೇಳದಿದ್ದರೂ ಮರುದಿನದ ನೋವಿನ ಬಗ್ಗೆಯೂ ಹೇಳಿಬಿಡುತ್ತೇನೆ. ಸೋಮವಾರ ದಾದರ್ ಸೇತುವೆಯ ಮೆಟ್ಟಿಲು ಇಳಿಯುವಾಗ ತೊಡೆ ಚುರುಗುಟ್ಟುವುದು ಸೆಳೆತವಲ್ಲ, ಲ್ಯಾಕ್ಟಿಕ್ ಆಮ್ಲವೂ ಅಲ್ಲ. ಆ ಆಮ್ಲ ಓಟ ಮುಗಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ಇಳಿದಿರುತ್ತದೆ. ಏರಿನ ನಂತರದ ಇಳಿಜಾರಿನಲ್ಲಿ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುತ್ತದೆ, ಅದರ ಎಳೆಗಳಿಗೆ ಸಣ್ಣ ಗಾಯಗಳಾಗುತ್ತವೆ. ನೋವು ಒಂದರಿಂದ ಮೂರು ದಿನದೊಳಗೆ ಜೋರಾಗಿ ತಾನೇ ಇಳಿಯುತ್ತದೆ. ಆದರೆ ನೋವಿನ ಜೊತೆ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.